ಅವ್ವನ ಅಂಗೈಗೆ ಹದಿಮೂರು ಇಂಚು

ನನ್ನ ಹಳೆಯ ದಿನಚರಿಯ ಒಂದು ಪುಟದಲ್ಲಿ ಮೂರು ಅಂಕಿಗಳಿವೆ: ಹದಿನೇಳು, ಎಂಟು, ಹದಿಮೂರು. ಮೊದಲ ಎರಡನ್ನು ನಾನೇ ಗೀಟು ಎಳೆದು ಹೊಡೆದುಹಾಕಿದ್ದೇನೆ. ಇಲ್ಲಿ ಬರೆಯಲಿರುವುದರಲ್ಲಿ ನಾನು ಆಣೆ ಮಾಡಿ ಹೇಳಬಲ್ಲದ್ದು ಆ ಅಂಕಿಗಳನ್ನು ಮಾತ್ರ. ಉಳಿದದ್ದರಲ್ಲಿ ತಪ್ಪು ಇರಬಹುದು. ಆಸ್ಪತ್ರೆಯ ಗೋಡೆ ತಿಳಿಹಸಿರು ಬಣ್ಣದ್ದು ಎಂದು ನನಗೆ ನೆನಪು. ಅಣ್ಣ, ಬರೀ ಸುಣ್ಣ ಬಳಿದಿದ್ದರು ಎನ್ನುತ್ತಾನೆ. ಶಿವಮೊಗ್ಗಕ್ಕೆ ಮೂರು ಸಲ ಹೋದೆವೋ ನಾಲ್ಕು ಸಲವೋ ಎಂಬುದೂ ಖಚಿತವಿಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳಾಗಿ, ಸಾಕ್ಷಿ ಇಲ್ಲದ ಮಾತನ್ನು ನಂಬಬೇಡಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಈಗ ನನ್ನದೇ ಮನೆಯ ವಿಷಯ ಬಂದಾಗ ನನ್ನ ಕೈಯಲ್ಲಿರುವ ಸಾಕ್ಷಿ ಒಂದು ಪುಟ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಸೊರಬದಲ್ಲಿದ್ದೆ, ಅವ್ವ ಶಿಕಾರಿಪುರದಲ್ಲಿ ಅಣ್ಣ ಅತ್ತಿಗೆಯ ಜೊತೆ. ಅಂಜನಾಪುರ ಜಲಾಶಯದ ನೀರು ಹರಿಯುವ ಕಡೆಯ ರೈತರಿಗೆ ಪಂಪುಸೆಟ್ಟು, ಪೈಪು ಮಾರುವ ಅಂಗಡಿ ಅಣ್ಣನದು. ತಿಂಗಳಿಗೆ ಎರಡು ಸಲವಾದರೂ ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಹೋಗಿ ನಾನು ಅವ್ವನನ್ನು ನೋಡಿಬರುತ್ತಿದ್ದೆ.

ಅದಕ್ಕೆ ಎರಡು ವರ್ಷ ಮುಂಚೆ ಅವ್ವ ಓದುವ ಕನ್ನಡಕವನ್ನು ಪೆಟ್ಟಿಗೆಗೆ ಹಾಕಿಬಿಟ್ಟಿದ್ದಳು. ಕನ್ನಡಕವಿಲ್ಲದೆ ಪಂಚಾಂಗದ ಸಣ್ಣ ಅಕ್ಷರ ಕಾಣುತ್ತದೆ, ಸೂಜಿಗೆ ದಾರ ಹೋಗುತ್ತದೆ ಎಂದು ಬೀಗುತ್ತಿದ್ದಳು. "ನೋಡೇ, ವಯಸ್ಸು ಹಿಂದಕ್ಕೆ ಹೊಂಟೈತೆ ನಂದು. ಇನ್ನೊಂದೆರಡು ವರ್ಷಕ್ಕೆ ನಿನಗಿಂತ ಸಣ್ಣಾಕಿ ಆಗ್ತೀನಿ" ಎಂದು ನನ್ನನ್ನು ಕೆಣಕಿದ್ದು ನೆನಪಿದೆ. ನಾವೆಲ್ಲ ಸಂತೋಷಪಟ್ಟೆವು. ಪೊರೆ ಬಲಿಯುವಾಗ ಕಣ್ಣೊಳಗಿನ ಮಸೂರ ಗಟ್ಟಿಯಾಗಿ, ಸ್ವಲ್ಪ ಕಾಲ ಹತ್ತಿರದ್ದು ತಾನಾಗಿ ಕಾಣತೊಡಗುತ್ತದೆ, ಆಮೇಲೆ ಅದೂ ಮಂಜಾಗುತ್ತದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಸಂತೋಷಪಟ್ಟದ್ದು ಕಾಯಿಲೆಗೇ.

ಗೊತ್ತಾದದ್ದು ಒಂದು ಬೆಳಿಗ್ಗೆ. ಅವ್ವ ಲಿಂಗಪೂಜೆಗೆ ಕೂತಿದ್ದಳು. ನಮ್ಮ ಮನೆಗಳಲ್ಲಿ ಕೊರಳಲ್ಲಿ ಕಟ್ಟಿಕೊಂಡ ಇಷ್ಟಲಿಂಗವನ್ನು ಸ್ನಾನವಾದ ಮೇಲೆ ಎಡ ಅಂಗೈಯಲ್ಲಿಟ್ಟುಕೊಂಡು, ನೀರೆರೆದು, ವಿಭೂತಿ ಪತ್ರೆ ಏರಿಸಿ, ಆಮೇಲೆ ಆ ಅಂಗೈಯನ್ನು ಮುಖದ ಎದುರಿಗೆ ಎತ್ತಿ ಹಿಡಿದು ರೆಪ್ಪೆ ಬಡಿಯದೆ ನೋಡುವುದು ರೂಢಿ. ಪಕ್ಕದಲ್ಲಿ ಉರಿಯುವ ದೀಪದ ಬೆಳಕು ಲಿಂಗದ ಕರಿ ಮೈಮೇಲೆ ಸಾಸಿವೆಯಷ್ಟು ಚುಕ್ಕೆಯಾಗಿ ಹೊಳೆಯುತ್ತದೆ. ನೋಟ ನಿಲ್ಲುವುದು ಅದರ ಮೇಲೆ. ಅಪ್ಪ ಹೋದ ಮೇಲೆ ಅವ್ವನ ದಿನದಲ್ಲಿ ಅವಳದ್ದೇ ಎನ್ನುವ ಅರ್ಧ ಗಂಟೆ ಇದ್ದರೆ ಅದೊಂದೇ. ಆ ದಿನ ಅವಳು ಅಂಗೈಯನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದು, ಹಿಂದಕ್ಕೆ ಒಯ್ದು, ಮತ್ತೆ ತಂದು, ಕೊನೆಗೆ ಕಣ್ಣು ಮುಚ್ಚಿಕೊಂಡು ಕೂತಳು.

"ಯಾಕವ್ವಾ ಕಣ್ಣು ಮುಚ್ಚಿದ್ದು?" ಎಂದು ಅವಳು ಎದ್ದ ಮೇಲೆ ಕೇಳಿದೆ.

"ಒಂದು ಚುಕ್ಕೆ ಮೂರಾಗ್ಯಾವೆ. ಯಾವುದನ್ನ ನೋಡ್ಲಿ?"

"ಎಷ್ಟು ದಿವಸದಿಂದ?"

"ಹೋದ ವರ್ಷದ ಶ್ರಾವಣದಿಂದ."

ಇಡೀ ವರ್ಷ ಅವಳು ಕಾಣದ ಲಿಂಗವನ್ನು ಕಂಡವಳಂತೆ ಹಿಡಿದುಕೊಂಡು ಕೂತು ಏಳುತ್ತಿದ್ದಳು. ನಾನು ತಿಂಗಳಿಗೆ ಎರಡು ಸಲ ಬಂದು, ಪಕ್ಕದಲ್ಲಿ ಕೂತು ಚಹಾ ಕುಡಿದು ಹೋಗಿದ್ದೆ.

ಅಣ್ಣ ಅದೇ ವಾರ ಜೀಪಿನಲ್ಲಿ ಶಿವಮೊಗ್ಗದ ಒಂದು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ನಡುವಯಸ್ಸಿನವರು, ಅವಸರವಿಲ್ಲದ ಮನುಷ್ಯ. ಎರಡೂ ಕಣ್ಣಲ್ಲಿ ಪೊರೆ ಇದೆ, ಬಲಗಣ್ಣು ಮೊದಲು ಮಾಡೋಣ ಎಂದರು. ಮಂಜಾದ ಮಸೂರವನ್ನು ತೆಗೆದು ಅದರ ಜಾಗದಲ್ಲಿ ಕೃತಕ ಲೆನ್ಸ್ ಇಡುವುದು. ಅಲ್ಲಿಯವರೆಗೆ ಎಲ್ಲ ಸರಳ. ಯಾವ ಲೆನ್ಸ್ ಎನ್ನುವಲ್ಲಿ ಅಣ್ಣ ಕುರ್ಚಿಯ ತುದಿಗೆ ಸರಿದ.

"ಡಾಕ್ಟ್ರೇ, ಈಗ ಹೊಸದೊಂದು ಬಂದೈತಂತಲ್ರೀ, ದೂರದ್ದು ಹತ್ತಿರದ್ದು ಎರಡೂ ಕಾಣೋದು? ನಮ್ಮ ಪೇಟೆ ಯಜಮಾನರೊಬ್ಬರು ಬೆಂಗಳೂರಾಗೆ ಹಾಕಿಸ್ಯಾರೆ. ಕನ್ನಡಕಾನೇ ಇಲ್ಲ ಅವ್ರಿಗೆ. ನಮ್ಮವ್ವಗೂ ಅದೇ ಹಾಕ್ರಿ."

"ತರಿಸಬಹುದು" ಎಂದರು ಡಾಕ್ಟರು. "ನಮ್ಮ ಕಡೆ ಇನ್ನೂ ಅಪರೂಪ. ಆದರೆ ಅದು ಏನು ಮಾಡುತ್ತೆ ಅಂತ ತಿಳ್ಕೊಂಡು ಹಾಕಿಸ್ಕೊಳ್ಳಿ."

ಅವರು ಒಂದು ಚೀಟಿಯ ಹಿಂದೆ ಎರಡು ವೃತ್ತ ಬರೆದರು. ಒಂದು ಖಾಲಿ. ಇನ್ನೊಂದರೊಳಗೆ ನೀರಿಗೆ ಕಲ್ಲು ಬಿದ್ದಾಗ ಏಳುವಂಥ ಸುತ್ತುಗಳು. ಖಾಲಿಯದು ಒಂದೇ ದೂರಕ್ಕೆ ಹೊಂದಿಸಿದ ಲೆನ್ಸ್. ಅದು ಯಾವ ದೂರಕ್ಕೆ ಹೊಂದಿದೆಯೋ ಅಲ್ಲಿ ನಿಚ್ಚಳ. ಬೇರೆ ದೂರಕ್ಕೆ ಕನ್ನಡಕ ಬೇಕು. ಸುತ್ತುಗಳಿರುವುದು ಕಣ್ಣೊಳಗೆ ಬಂದ ಬೆಳಕನ್ನು ಹಂಚುತ್ತದೆ, ಸ್ವಲ್ಪ ದೂರಕ್ಕೆ, ಸ್ವಲ್ಪ ಹತ್ತಿರಕ್ಕೆ. ಹಂಚಿದ ಮೇಲೆ ಯಾವುದಕ್ಕೂ ಪೂರ್ತಿ ಸಿಗುವುದಿಲ್ಲ. ಹಗಲಲ್ಲಿ ಗೊತ್ತಾಗದು. ಮಬ್ಬು ಬೆಳಕಿನಲ್ಲಿ, ಕಪ್ಪಿನ ಮೇಲೆ ಕಪ್ಪು ಬಿಡಿಸಿ ನೋಡಬೇಕಾದಾಗ ಗೊತ್ತಾಗುತ್ತದೆ. ದೀಪದ ಸುತ್ತ ಬಳೆಯಂತೆ ಕಾಣುವುದುಂಟು. ಬಹಳ ಜನರಿಗೆ ಕೆಲವು ತಿಂಗಳಲ್ಲಿ ಅದು ರೂಢಿಯಾಗುತ್ತದೆ, ಕೆಲವರಿಗೆ ಆಗುವುದಿಲ್ಲ. ಕನ್ನಡಕ ಪೂರ್ತಿ ಬಿಟ್ಟವರಿದ್ದಾರೆ, ಸಣ್ಣ ಅಕ್ಷರಕ್ಕೆ ಹಾಕುವವರೂ ಇದ್ದಾರೆ.

"ಬಳೆ ಇರಬೇಕಾದ್ದು ಕೈಯಾಗೆ ಕಣ್ರೀ. ಕಣ್ಣಾಗೆ ಯಾಕೆ?" ಎಂದಳು ಅವ್ವ.

ಡಾಕ್ಟರು ನಕ್ಕರು. ಅಣ್ಣ ನಗಲಿಲ್ಲ. "ಅವ್ವಾ, ನೀ ಸುಮ್ನಿರು. ಕಡಿಮೆ ಬೆಲೇದು ಹಾಕಿಸಿದ್ನಂತೆ ಮಗ ಅಂತ ಊರೆಲ್ಲ ಅನ್ನಬೇಕೇನು?"

ಅವನಲ್ಲಿ ಕೆಟ್ಟದ್ದಿರಲಿಲ್ಲ. ಅಪ್ಪ ಕಾಯಿಲೆ ಬಿದ್ದಾಗ ಅವನು ಹದಿನೆಂಟರವನು, ದೊಡ್ಡ ಆಸ್ಪತ್ರೆಗೆ ಒಯ್ಯುವ ಶಕ್ತಿ ಇರಲಿಲ್ಲ. ಈಗ ಶಕ್ತಿ ಇತ್ತು. ಇದ್ದದ್ದರಲ್ಲಿ ಮೇಲಿನದ್ದನ್ನು ಕೊಡಿಸದಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಆಗ ನನಗೆ ಅದು ತಿಳಿದಿತ್ತೋ, ಈಗ ತಿಳಿದದ್ದನ್ನು ಆಗಿನದಕ್ಕೆ ಅಂಟಿಸುತ್ತಿದ್ದೇನೋ.

"ಅಮ್ಮಾ, ನಿಮಗೆ ಕನ್ನಡಕ ಇಲ್ಲದೆ ಏನು ಕಾಣಬೇಕು? ಒಂದೇ ಒಂದು ಹೇಳಿ" ಎಂದರು ಡಾಕ್ಟರು.

ಅಣ್ಣ "ಟಿವಿ" ಎಂದ. ಆಮೇಲೆ "ರಸ್ತೆ" ಎಂದ. ನಾನು "ಪುಸ್ತಕ" ಎಂದೆನಂತೆ. ಅಣ್ಣ ಈಗಲೂ ಅದನ್ನು ಹೇಳಿ ಹಂಗಿಸುತ್ತಾನೆ. ಅವ್ವ ಎಡ ಅಂಗೈಯನ್ನು ಎತ್ತಿ ಮುಖದ ಮುಂದೆ ಹಿಡಿದಳು. ಡಾಕ್ಟರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವಳ ಹಣೆಯ ವಿಭೂತಿ ನೋಡಿದ್ದರು.

"ಪೂಜೆಗೆ ಕನ್ನಡಕ ಹಾಕ್ಕೊಂಡ್ರೆ ಆಗಲ್ವಾ?"

"ಹಾಕ್ಕೊಂಡು ನೋಡೀನ್ರಿ. ದೀಪ ಕನ್ನಡಕದ ಗಾಜಿನಾಗೂ ಹೊಳೀತತೆ. ನಾ ಯಾವ ದೀಪ ನೋಡ್ಲಿ? ಅದಕ್ಕೂ ನನಗೂ ನಡುವೆ ಏನೂ ಇರಬಾರದು."

"ನಾನು ಇಡೋ ಲೆನ್ಸೂ ನಡುವೆ ಇರುತ್ತಲ್ಲಮ್ಮ?"

"ಅದು ಒಳಗಿರ್ತತೆ. ಒಳಗೆ ಹೋದ ಮೇಲೆ ಅದು ನಂದೇ."

ಆಗ ಡಾಕ್ಟರು ಮೂರನೆಯ ದಾರಿ ಹೇಳಿದರು. ಒಂದೇ ದೂರದ ಲೆನ್ಸನ್ನು ಎಲ್ಲರೂ ದೂರಕ್ಕೆ ಹೊಂದಿಸಿ ಹಾಕಿಸಿಕೊಳ್ಳುತ್ತಾರೆ, ಓದಲು ಕನ್ನಡಕ ಇಟ್ಟುಕೊಳ್ಳುತ್ತಾರೆ. ಅದನ್ನೇ ತಿರುಗಿಸಿ, ಹತ್ತಿರಕ್ಕೆ ಹೊಂದುವ ನಂಬರು ಹಾಕಬಹುದು. ಆಗ ಅಂಗೈ ಬರಿಗಣ್ಣಿಗೆ ಕಾಣುತ್ತದೆ. ಬೀದಿಗೆ, ಬಸ್ಸಿಗೆ, ಟಿವಿಗೆ ಕನ್ನಡಕ ಬೇಕಾಗುತ್ತದೆ. "ಆದರೆ ಎಷ್ಟು ಹತ್ತಿರ ಅಂತ ನೀವು ಹೇಳಬೇಕು. ಅದು ಸುಮಾರು ಒಂದೇ ಜಾಗದಲ್ಲಿ ಚೆನ್ನಾಗಿ ಕಾಣುತ್ತೆ. ಅಳತೆಗೆ ತಕ್ಕ ಹಾಗೆ ನಾನು ನಂಬರು ಲೆಕ್ಕ ಹಾಕ್ತೀನಿ. ಒಂದೆರಡು ಇಂಚು ಆಚೀಚೆ ಆಗಬಹುದು, ಅಷ್ಟಕ್ಕೆ ಕೈ ಹಿಂದೆ ಮುಂದೆ ಮಾಡ್ಕೋಬೇಕು."

ಲಿಂಗವನ್ನು ತೆಗೆದು ಹಿಡಿದು ತೋರಿಸಿ ಎಂದಾಗ ಅವ್ವ ಒಪ್ಪಲಿಲ್ಲ. ಸ್ನಾನವಿಲ್ಲದೆ, ಚಪ್ಪಲಿ ಕಾಲಲ್ಲಿ, ಪರಸ್ಥಳದಲ್ಲಿ ತೆಗೆಯುವುದುಂಟೇ. ಚೀಲದಲ್ಲಿದ್ದ ಒಂದು ಅಡಿಕೆಯನ್ನು ಅಂಗೈಯಲ್ಲಿಟ್ಟು ಹಿಡಿದಳು. ಕಣ್ಣಿನಿಂದ ಅಂಗೈಗೆ ಡಾಕ್ಟರು ಸ್ಕೇಲು ಹಿಡಿದರು. ಹದಿನೇಳು ಇಂಚು. ಅದು ದಿನಚರಿಯ ಮೊದಲ ಅಂಕಿ.

ವಾಪಸು ಬರುವಾಗ ಜೀಪಿನಲ್ಲಿ ನನಗೆ ಅನುಮಾನ ಶುರುವಾಯಿತು. ಎತ್ತರದ ಕುರ್ಚಿ, ಎದುರಿಗೆ ಪರಗಂಡಸು. ಅವ್ವ ಕೈಯನ್ನು ಮಡಿಲ ಕಡೆಗೇ ಇಳಿಸಿ, ಸಂಕೋಚದಿಂದ ದೂರ ಹಿಡಿದಿದ್ದಳು. ಮನೆಯಲ್ಲಿ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗ ಅವಳು ಹಿಡಿಯುವ ರೀತಿ ಅದಲ್ಲ. ಮರುದಿನ ರಜೆ ಹಾಕಿ ಅಲ್ಲೇ ಉಳಿದೆ. ಬೆಳಿಗ್ಗೆ ಅತ್ತಿಗೆಯ ಹೊಲಿಗೆ ಪೆಟ್ಟಿಗೆಯಿಂದ ಟೇಪು ತೆಗೆದುಕೊಂಡು, ಸ್ನಾನ ಮಾಡಿ, ದೇವರ ಕೋಣೆಯ ಹೊಸ್ತಿಲು ದಾಟಿ ಅವ್ವನ ಪಕ್ಕ ಮಂಡಿಯೂರಿದೆ. ಪೂಜೆಯ ಮಧ್ಯೆ ಅವಳು ಮಾತಾಡುವುದಿಲ್ಲ. ಮುಟ್ಟುವ ಹಾಗಿಲ್ಲ. ಟೇಪನ್ನು ಗಾಳಿಯಲ್ಲಿ ಹಿಡಿದು, ಒಂದು ತುದಿ ಅವಳ ಕಣ್ಣಿನ ನೇರಕ್ಕೆ, ಇನ್ನೊಂದು ಅಂಗೈಯ ನೇರಕ್ಕೆ ತಂದೆ. ಅವ್ವ ಲಿಂಗ ಬಿಟ್ಟು ನನ್ನನ್ನು ಒಮ್ಮೆ ಓರೆಗಣ್ಣಿಂದ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು, "ರವಿಕೆ ಹೊಲಿಸ್ತೀಯೇನೇ ದೇವರಿಗೆ?" ಎಂದಳು.

ಎಂಟು ಇಂಚು.

ಹದಿನೇಳೆಲ್ಲಿ, ಎಂಟೆಲ್ಲಿ! ಗೆದ್ದವಳಂತೆ ಅಣ್ಣನ ಅಂಗಡಿಗೆ ಓಡಿ ಅಲ್ಲಿಂದ ಡಾಕ್ಟರಿಗೆ ಫೋನು ಮಾಡಿದೆ. ತಪ್ಪು ಲೆಕ್ಕದ ಲೆನ್ಸ್ ಬೀಳದಂತೆ ಅವ್ವನನ್ನು ಕಾಪಾಡಿದೆ ಎಂಬ ಹಮ್ಮು ನನ್ನ ದನಿಯಲ್ಲಿ ಇದ್ದಿರಲೇಬೇಕು. ಅವರು "ಮೇಡಂ, ಅಷ್ಟು ಹತ್ತಿರ ಅವರು ಯಾವಾಗಿನಿಂದ ಹಿಡೀತಿದಾರೆ?" ಎಂದು ಕೇಳಿದರು.

ಆಗ ಹೊಳೆಯಿತು. ಮಂಜಾದ ಕಣ್ಣು ಅವಳ ಕೈಯನ್ನು ವರ್ಷವಿಡೀ ಇಂಚಿಂಚು ಹತ್ತಿರಕ್ಕೆ ಎಳೆದಿತ್ತು. ನಾನು ಅಳೆದು ತಂದದ್ದು ಪೊರೆಯ ಅಳತೆ. ಎಂಟಕ್ಕೆ ಹೊಂದಿಸಿದ ಲೆನ್ಸ್ ಹಾಕಿದ್ದರೆ ಉಳಿದ ಆಯುಷ್ಯವಿಡೀ ಅವಳು ಅಂಗೈಯನ್ನು ಮೂಗಿಗೆ ಹತ್ತಿರವೇ ಹಿಡಿಯಬೇಕಾಗಿತ್ತು. ಮಾರು ದೂರದಲ್ಲಿ ಕೂತವರ ಮುಖವೂ ಕಲಸಿಹೋಗಿ, ದಪ್ಪ ಗಾಜಿನ ಕನ್ನಡಕ ಬೇಕಾಗುತ್ತಿತ್ತು. ಹದಿನೇಳಕ್ಕೆ ಹೊಂದಿಸಿದ್ದರೆ, ಕೈಯನ್ನು ದೂರ ಚಾಚಿ ತೋಳು ನೋಯಿಸಿಕೊಳ್ಳಬೇಕಾಗಿತ್ತು. ಹಾಗಾದರೆ ನಿಜವಾದ ದೂರ ಎಷ್ಟು? ಅದನ್ನು ಕಂಡವರು ಯಾರು? ನಲವತ್ತೈದು ವರ್ಷ ದಿನಾ ಹಿಡಿದವಳಿಗೇ ಈಗ ಗೊತ್ತಿಲ್ಲ.

ಸಂಜೆ ಅಡುಗೆಮನೆಯಲ್ಲಿ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು, ಕಣ್ಣಿಂದಲ್ಲ, ಬೆರಳಿಂದ.

"ಎಂಥ ಓದು ಓದಿದ್ಯೇ ನೀನು" ಎಂದಳು. "ಕಣ್ಣು ಕೆಟ್ಟೈತೆ ಅಂತ ಗೊತ್ತು. ಮತ್ತೆ ಕಣ್ಣನ್ನೇ ಕೇಳ್ತೀಯ. ತೋಳು ಕೆಟ್ಟಿಲ್ಲಲ್ಲ?"

ಕೈ ತೊಳೆದುಕೊಂಡು ಮಣೆಯ ಮೇಲೆ ಕೂತಳು. ಕಣ್ಣು ಗಟ್ಟಿಯಾಗಿ ಮುಚ್ಚಿದಳು. ಬಲಗೈಯಿಂದ ಎಡ ಅಂಗೈಯಲ್ಲಿ ಏನೋ ಇಟ್ಟಂತೆ ಮಾಡಿ, ಒಂದು ಉಸಿರು ಬಿಟ್ಟು, ಕೈ ಎತ್ತಿದಳು. ಮೊಣಕೈ ಪಕ್ಕೆಗೆ ಒರಗಿ ನಿಂತಿತು. ಅಲ್ಲಿಂದ ಮುಂಗೈ ಮೇಲೇರಿ ತಾನಾಗಿ ಒಂದು ಜಾಗದಲ್ಲಿ ತಡೆಯಿತು. "ಅಳಿ" ಎಂದಳು. ಅಳೆದೆ. ಕೈ ಇಳಿಸಿ, ಮತ್ತೆ ಎತ್ತಿದಳು. ಅಳೆದೆ. ನಾಲ್ಕು ಸಲ. ಅತ್ತಿಗೆಯೂ ಬಂದು ಟೇಪಿನ ಇನ್ನೊಂದು ತುದಿ ಹಿಡಿದಳು. ನಾಲ್ಕು ಸಲವೂ ಹದಿಮೂರು; ಒಮ್ಮೆ ಅರ್ಧ ಇಂಚು ಹೆಚ್ಚು.

"ಹದಿಮೂರು ಹೊಂದುತ್ತೆ" ಎಂದರು ಡಾಕ್ಟರು ಫೋನಿನಲ್ಲಿ. "ಕಣ್ಣು ಮುಚ್ಚಿಸಿ ಅಳೆಯೋದು ನನಗೂ ಹೊಳೆದಿರಲಿಲ್ಲ."

ಅಣ್ಣನಿಗೆ ಇನ್ನೂ ಸಮಾಧಾನವಿರಲಿಲ್ಲ. ಬೆಂಗಳೂರಿನಲ್ಲಿ ಹೊಸ ಲೆನ್ಸ್ ಹಾಕಿಸಿಕೊಂಡ ಯಜಮಾನರ ಮನೆಗೆ ನಮ್ಮನ್ನು ಕರೆದುಕೊಂಡು ಹೋದ. ದೊಡ್ಡ ಮನಸ್ಸಿನ ಹಿರಿಯರು. ಕನ್ನಡಕವಿಲ್ಲದೆ ಪೇಪರು ಓದಿ ತೋರಿಸಿದರು, ಎದುರು ಸಾಲಿನ ಅಂಗಡಿಯ ಬೋರ್ಡನ್ನೂ ಓದಿದರು. ಅಣ್ಣ ನನ್ನ ಕಡೆ ನೋಡಿದ.

"ಅಣ್ಣಾರೇ, ದೇವರ ಮುಂದಿನ ದೀಪ ಹೆಂಗೆ ಕಾಣ್ತತೆ ನಿಮಗೆ?" ಎಂದು ಅವ್ವ ಕೇಳಿದಳು.

ಅವರು ಯೋಚಿಸಿದರು. "ಸುತ್ತ ಸಣ್ಣ ಉಂಗುರ ಇರ್ತತಮ್ಮ. ಸಂಜೀಗೆ ಎದುರಿಂದ ಸ್ಕೂಟರ್ ಬಂದ್ರೆ ದೊಡ್ಡ ಚಕ್ರ. ಮೊದ್ಲು ಕಿರಿಕಿರಿ ಆಗ್ತಿತ್ತು. ಈಗ ಲಕ್ಷ್ಯಕ್ಕೆ ಬರಲ್ಲ. ನನಗೇನು, ವ್ಯಾಪಾರ ಮಾಡೋನಿಗೆ ಗಿರಾಕಿ ಮುಖಾನೂ ಕಾಣಬೇಕು, ಬಿಲ್ಲೂ ಕಾಣಬೇಕು. ನನಗೆ ಇದೇ ಸರಿ."

"ನಿಮಗೆ ಸರಿ" ಎಂದಳು ಅವ್ವ. ಅಷ್ಟೇ. ಅವರ ಮನೆಯಲ್ಲಿ ಕೊಟ್ಟ ಮಂಡಕ್ಕಿಯನ್ನು ಪೂರ್ತಿ ತಿಂದು ಎದ್ದಳು.

ಮುಂದಿನ ವಾರ ಮತ್ತೆ ಡಾಕ್ಟರ ಎದುರಿಗೆ ಕೂತೆವು. ಕಣ್ಣಿಗೆ ಮರಗಟ್ಟಿಸುವ ಹನಿ ಬಿಟ್ಟು, ಪೆನ್ಸಿಲಿನಂಥದ್ದನ್ನು ಗುಡ್ಡೆಗೆ ತಾಗಿಸಿ ಕಣ್ಣಿನ ಉದ್ದ ಅಳೆದರು. ಇನ್ನೊಂದು ಯಂತ್ರದಲ್ಲಿ ಗುಡ್ಡೆಯ ಉಬ್ಬನ್ನು ಅಳೆದರು. ಆಮೇಲೆ ಡಾಕ್ಟರು ಅವ್ವನಿಗೇ ಹೇಳಿದರು: "ಇದು ಅಪರೂಪದ ಆಯ್ಕೆ. ಬೀದೀಲಿ ಎದುರಿಗೆ ಬರೋರ ಮುಖ ಕನ್ನಡಕ ಇಲ್ಲದೆ ಕಾಣಲ್ಲ. ಆಮೇಲೆ ನನ್ನ ಬೈಬಾರದು."

"ಬೀದ್ಯಾಗೆ ಎದುರಾದವರು ಮಾತಾಡಿಸ್ತಾರೆ, ದನಿ ಮೇಲೆ ಗುರುತು ಸಿಗ್ತತೆ" ಎಂದಳು ಅವ್ವ. "ಇದು ಮಾತಾಡಲ್ಲ. ನಾನೇ ನೋಡಬೇಕು."

ಅಣ್ಣ ತಲೆ ತಗ್ಗಿಸಿದ. ಡಾಕ್ಟರು ಕಾದರು. ಹತ್ತಿರದ್ದೇ ಹಾಕ್ರಿ ಎಂದಳು ಅವ್ವ. ಡಾಕ್ಟರು ಬರೆದುಕೊಂಡರು.

ಆಪರೇಷನ್ನಿನ ದಿನ ಒಂದು ಸಣ್ಣ ಜಗಳವಾಯಿತು. ಮೈಮೇಲಿನದ್ದನ್ನೆಲ್ಲ ಬಿಚ್ಚಿಡಿ ಎಂದು ನರ್ಸ್ ಹೇಳಿದರು. ಅವ್ವ ಓಲೆ ಬಿಚ್ಚಿದಳು. ಕೊರಳಲ್ಲಿ ಲಿಂಗವಿದ್ದ ಕರಡಿಗೆಗೆ ನರ್ಸ್ ಕೈ ತೋರಿಸಿದಾಗ "ಇದು ಒಡವೆ ಅಲ್ಲವ್ವ" ಎಂದು ಸೆರಗಿನೊಳಗೆ ಮುಚ್ಚಿಕೊಂಡಳು. ಡಾಕ್ಟರು ಬಂದು, ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಳ್ಳಲಿ ಬಿಡಿ ಎಂದರು. ಕಣ್ಣಿನ ಪಕ್ಕ ಒಂದು ಇಂಜೆಕ್ಷನ್, ಅರ್ಧ ಗಂಟೆಗೂ ಸ್ವಲ್ಪ ಹೆಚ್ಚಿನ ಕೆಲಸ. ಹೊಲಿಗೆ ಬೇಕಾಗದ ಬಗೆಯ ಸೀಳು ಎಂದರು. ಹೊರಗೆ ಬಂದಾಗ ಕಣ್ಣಿಗೆ ಪಟ್ಟಿ, ಬಾಯಲ್ಲಿ ಚಹಾದ ಬೇಡಿಕೆ.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಎದುರು ಗೋಡೆಯ ಅಕ್ಷರದ ಪಟ್ಟಿಯಲ್ಲಿ ಅವ್ವನಿಗೆ ಮೇಲಿನ ಒಂದು ದೊಡ್ಡ ಅಕ್ಷರ ಬಿಟ್ಟು ಏನೂ ಕಾಣಲಿಲ್ಲ. ಬಾಗಿಲಲ್ಲಿ ನಿಂತ ಅಣ್ಣನನ್ನು "ಯಾರ್ರೀ ಅದು?" ಎಂದು ಕೇಳಿದಳು. ಅಣ್ಣನ ಮುಖದ ಬಣ್ಣ ಇಳಿಯಿತು. ಅವನು ನನ್ನ ಕಿವಿಯ ಹತ್ತಿರ, "ಕೆಡಿಸಿದ್ರಿ. ನೀನೂ ನಿನ್ನ ಟೇಪೂ" ಎಂದ. ಎಲ್ಲವನ್ನೂ ಮೊದಲೇ ಕೇಳಿ ತಿಳಿದಿದ್ದ ನಾನೂ ಡಾಕ್ಟರ ಕಡೆ ತಿರುಗಿದೆ. ತಿಳಿದಿರುವುದು ಬೇರೆ, ಸ್ವಂತ ಅವ್ವ ಸ್ವಂತ ಮಗನನ್ನು ಗುರುತಿಸದಿರುವುದನ್ನು ನೋಡುವುದು ಬೇರೆ.

ಡಾಕ್ಟರು ಪರೀಕ್ಷೆಯ ಒಂದು ಗಾಜನ್ನು ಅವಳ ಕಣ್ಣ ಮುಂದೆ ಹಿಡಿದರು. ಅವ್ವ ಗೋಡೆಯ ಅಕ್ಷರಗಳನ್ನು ಮೇಲಿನಿಂದ ಕೆಳಕ್ಕೆ, ತಡೆತಡೆದು, ಕೆಳಗಿನ ಎರಡು ಸಾಲು ಬಿಟ್ಟು ಓದಿದಳು. ಆಮೇಲೆ ಆ ಗಾಜಿನಲ್ಲೇ ಬಾಗಿಲ ಕಡೆ ತಿರುಗಿ, "ಗಡ್ಡ ಕೆರ್ಕೊಂಡಿಲ್ಲೇನೋ ತಮ್ಮಾ?" ಎಂದಳು. ಅಣ್ಣ ಹೊರಗೆ ಹೋಗಿ ಕಾರಿಡಾರಿನ ಬೆಂಚಿನ ಮೇಲೆ ಕೂತುಬಿಟ್ಟ. ಕಣ್ಣೊರೆಸಿಕೊಂಡ ಎಂದು ಬರೆಯಲು ಕೈ ಬರುತ್ತದೆ. ನಾನು ಅದನ್ನು ನೋಡಲಿಲ್ಲ.

ಕಣ್ಣಿಗೆ ನೀರು ತಾಗಬಾರದು, ಬಗ್ಗಬಾರದು, ಹೊತ್ತುಹೊತ್ತಿಗೆ ಹನಿ ಬಿಡಬೇಕು. ಕೊರಳಿಂದ ಕೆಳಗೆ ಸ್ನಾನ ಮಾಡಿ, ಮೂರನೆಯ ದಿನ ಅವ್ವ ಮಣೆಯ ಮೇಲೆ ಕೂತಳು. ನಾನು, ಅತ್ತಿಗೆ, ಅಂಗಡಿ ತೆರೆಯದ ಅಣ್ಣ, ಮೂವರೂ ಬಾಗಿಲಾಚೆ. ಆಪರೇಷನ್ ಆಗದ ಎಡಗಣ್ಣನ್ನು ಅವಳು ಮುಚ್ಚಿಕೊಂಡಿದ್ದಳು. ವಿಭೂತಿ ಗಟ್ಟಿ ಎತ್ತಿಕೊಂಡವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮಾತಾಡಬಾರದು ಎಂಬುದನ್ನೂ ಮರೆತು, "ಇಷ್ಟು ಬೆಳ್ಳಗಿತ್ತೇನೇ ಇದು?" ಎಂದಳು. ವರ್ಷಗಟ್ಟಲೆ ಅದು ಅವಳಿಗೆ ಹಳದಿ ಕಂಡಿತ್ತು.

ಆಮೇಲೆ ಕೈ ಎತ್ತಿದಳು. ಮೊಣಕೈ ಪಕ್ಕೆಗೆ ಒರಗಿತು. ಅಂಗೈ ಮೇಲೇರಿ ನಿಂತಿತು. ಹಿಂದಕ್ಕೆ ಹೋಗಲಿಲ್ಲ, ಮುಂದಕ್ಕೆ ಬರಲಿಲ್ಲ. ಉಸಿರೂ ಕಾಣದಷ್ಟು ಅಲುಗದೆ ಕೂತಳು. ಎಷ್ಟು ಹೊತ್ತು ಎಂದು ನೋಡಿಕೊಳ್ಳಲಿಲ್ಲ; ಅತ್ತಿಗೆಯ ಒಲೆಯ ಮೇಲೆ ಹಾಲು ಉಕ್ಕಿ ಸೀದ ವಾಸನೆ ಬಂದರೂ ಯಾರೂ ಕದಲಲಿಲ್ಲ.

ಎದ್ದು ಬಂದವಳು ಹೇಳಿದ್ದು ಒಂದೇ ಮಾತು: "ಒಂದೇ ಐತೆ."

ಮೂರಾಗಿದ್ದ ಚುಕ್ಕೆ ಒಂದಾಗಿತ್ತು, ಬಳೆ ಇಲ್ಲದೆ. ಆಮೇಲೆ ತಾನು ಗೆದ್ದದ್ದನ್ನು ಅವಳು ಮನೆಯ ತುಂಬ ಹರಡಿದಳು. ದೀಪದ ಕಂಬದ ಸಂದಿಯಲ್ಲಿ ಕಿಲುಬು ಹಿಡಿದಿದೆ ಎಂದು ಅತ್ತಿಗೆಗೆ ತೋರಿಸಿದಳು. ಅಕ್ಕಿಯಲ್ಲಿ ಹುಳ, ನನ್ನ ತಲೆಯಲ್ಲಿ ನೆರೆ, ಎಲ್ಲವನ್ನೂ ಹೆಕ್ಕಿದಳು. "ಈ ಕಣ್ಣು ಹಾಕ್ಸಿದ್ದೇ ತಪ್ಪಾತು" ಎಂದು ಅತ್ತಿಗೆ ನಗುತ್ತ ಗೊಣಗಿದರೆ, "ಇನ್ನೊಂದೂ ಬರ್ಲಿ ತಡಿ" ಎನ್ನುತ್ತಿದ್ದಳು.

ಆರು ವಾರಕ್ಕೆ ಕಣ್ಣು ನೆಲೆಗೊಂಡಿತು, ದೂರದ ಕನ್ನಡಕ ಬಂತು. ಅದನ್ನು ಹಾಕಿಕೊಂಡ ಮೊದಲ ದಿನ ನನ್ನನ್ನು ಬಸ್ಸಿಗೆ ಕಳಿಸಲು ಸ್ಟ್ಯಾಂಡಿನವರೆಗೆ ಬಂದಳು. ನಿಂತ ಬಸ್ಸುಗಳ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿದಳು: ಶಿರಾಳಕೊಪ್ಪ, ಸೊರಬ, ಉಳವಿ. ಒಬ್ಬ ಕಂಡಕ್ಟರು, "ಅಮ್ಮಾ, ಕೂಗೋ ಕೆಲಸ ನಂದು, ಬಿಡ್ರಿ" ಎಂದ. "ಕೂಗೋ ನೀನು. ನಾ ಓದ್ತೀನಿ" ಎಂದಳು. ಅಣ್ಣ ಅಷ್ಟರಲ್ಲಿ ಅಂಗಡಿಗೆ ಬಂದವರಿಗೆಲ್ಲ, ಹತ್ತಿರಕ್ಕೆ ಹೊಂದಿಸಿ ಹಾಕಿಸುವುದೇ ತನ್ನ ಯೋಚನೆ ಎಂಬಂತೆ ಹೇಳತೊಡಗಿದ್ದ: "ದೂರದ್ದೇನ್ರಿ, ಯಾರಾದ್ರೂ ಹಾಕಿಸ್ತಾರೆ. ನಮ್ಮವ್ವನ ಕಣ್ಣು ಹದಿಮೂರು ಇಂಚಿಗೆ ಹೇಳಿ ಮಾಡ್ಸಿದ್ದು." ಕೆಲವು ತಿಂಗಳ ಮೇಲೆ ಎಡಗಣ್ಣಿಗೂ ಅದನ್ನೇ ಹಾಕಿಸಿದೆವು. ಅದು ಹದಿಮೂರಕ್ಕಿಂತ ಒಂದಿಂಚು ಆಚೆ ಬಿತ್ತು. ಅವ್ವ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಇದನ್ನು ಬರೆಯಲೆಂದು ಹಳೆಯ ಪುಟ ತೆಗೆದಾಗ, ಅಂಕಿಗಳ ಕೆಳಗೆ ಮೂರು ಸಾಲು ಇರುವುದನ್ನು ನೋಡಿದೆ. ಆಯ್ಕೆ ಮಾಡಿದ ದಿನದ್ದು, ನನ್ನದೇ ಕೈಬರಹ. "ಅವ್ವ ದನಿಯ ಮಾತು ಹೇಳಿ ಸುಮ್ಮನಾದಳು. ಬಹಳ ಹೊತ್ತು ಏನೂ ಹೇಳಲಿಲ್ಲ. ಹತ್ತಿರದ್ದೇ ಹಾಕಿ ಎಂದೆ, ಡಾಕ್ಟರು ಬರೆದುಕೊಂಡರು."

ಎಂದೆ. ಎಂದಳು ಅಲ್ಲ. ಆ ಮಾತನ್ನು ಅವ್ವನ ಬಾಯಿಂದ ಕೇಳಿದ ಹಾಗೆ, ಅವಳ ದನಿಯ ಸಮೇತ, ಇಷ್ಟು ವರ್ಷ ನನ್ನ ನೆನಪಿನಲ್ಲಿದೆ. ಅಣ್ಣ ತನ್ನ ಆಯ್ಕೆಯನ್ನು ಅವಳ ಮೇಲೆ ಹೇರಲು ಹೊರಟಿದ್ದ, ನಾನು ಅವಳದ್ದನ್ನು ಅವಳಿಗೆ ಬಿಟ್ಟುಕೊಟ್ಟೆ ಎಂದು ಹತ್ತಾರು ಜನರ ಮುಂದೆ ಹೇಳಿಕೊಂಡಿದ್ದೇನೆ. ಆ ಬಹಳ ಹೊತ್ತಿನಲ್ಲಿ ಅವಳು ಬೇರೇನಾದರೂ ಹೇಳುವವಳಿದ್ದಳೇ? ಬೀದಿಯ ಮುಖಗಳ ಬಗ್ಗೆ, ಮಗನ ಮುಖದ ಬಗ್ಗೆ ಯೋಚಿಸುತ್ತಿದ್ದಳೇ? ಚೆನ್ನಾಗಿಯೇ ಆಯಿತು, ನಿಜ. ಚೆನ್ನಾಗಿ ಆದದ್ದರಿಂದಲೇ ಯಾರೂ ಕೇಳಲಿಲ್ಲ.

ಮೊನ್ನೆ ಶಿಕಾರಿಪುರಕ್ಕೆ ಹೋದಾಗ, ಪೂಜೆ ಮುಗಿಸಿ ಬಿಸಿಲಿಗೆ ಕೂತು ಬರಿಗಣ್ಣಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದ ಅವ್ವನ ಎದುರಿಗೆ ಆ ಪುಟ ಹಿಡಿದೆ. ಹದಿಮೂರು ಇಂಚಿನಲ್ಲೇ ಹಿಡಿದೆ. ಅವಳು ಓದಿದಳು, ಎರಡು ಸಲ ಓದಿದಳು ಎಂದು ಕಾಣುತ್ತದೆ. ದಾರದ ತುದಿಯನ್ನು ಬಾಯಲ್ಲಿ ತೇವ ಮಾಡಿ ಸೂಜಿಯ ಕಣ್ಣಿಗೆ ದಾಟಿಸಿ, ಗಂಟು ಹಾಕಿ, ಹೊಲಿಗೆ ಶುರು ಮಾಡಿದಳು. ನಾನು ಕೇಳಿದ್ದು ಇಷ್ಟೇ:

"ಅವ್ವಾ, ಆವತ್ತು ಹತ್ತಿರದ್ದು ಹಾಕ್ರಿ ಅಂದಿದ್ದು ನೀನಾ, ನಾನಾ?"